ವಿಕ್ಸ್ ಜಿಗಿದಾಗ ನಿಫ್ಟಿ ಕೊಳ್ಳುವ ಕ್ರಮ: ಮೂರು ಕಂತಿನ ಪ್ರವೇಶ, ಇಪ್ಪತ್ತನೇ ದಿನದ ನಿರ್ಗಮನ

2025ರ ಏಪ್ರಿಲ್ 7, ಸೋಮವಾರ. ಅಮೆರಿಕ ಘೋಷಿಸಿದ ಆಮದು ಸುಂಕದ ಭಯ ಜಗತ್ತಿನ ಎಲ್ಲ ಪೇಟೆಗಳನ್ನೂ ನಡುಗಿಸಿದ್ದ ಆ ದಿನ ನಿಫ್ಟಿ 742.85 ಅಂಶ ಕುಸಿದು 22,161.60ಕ್ಕೆ ಮುಗಿಯಿತು, ಶುಕ್ರವಾರ 13.76ರಲ್ಲಿ ಮಲಗಿದ್ದ, ಪೇಟೆಯ ಭಯವನ್ನು ಅಳೆಯುವ ಸೂಚ್ಯಂಕವಾದ ಇಂಡಿಯಾ ವಿಕ್ಸ್ ಒಂದೇ ದಿನದಲ್ಲಿ 22.79ಕ್ಕೆ ಜಿಗಿಯಿತು. ಸಂಜೆ ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲ ಬಳಿ ಎದುರಾದ ಕುಂದಾಪುರ ಕಡೆಯ ಹೋಟೆಲ್ ಮಾಲೀಕರು, "ಭಟ್ರೇ, ನಾಳೆ ಬೆಳಿಗ್ಗೆ ಎಲ್ಲ ಒಟ್ಟಿಗೆ ಹಾಕಿಬಿಡ್ಲಾ?" ಎಂದು ಕೇಳಿದರು. "ಹಾಕಿ ಶೆಟ್ರೇ, ಆದರೆ ಎಲ್ಲ ಬೇಡ, ಬೆಳಿಗ್ಗೆಯೂ ಬೇಡ" ಎಂದು ನಾನು ಹೇಳಿದ್ದಕ್ಕೆ ಕಾರಣವೇನೆಂಬುದನ್ನು, ಅವರಿಗೆ ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಟ್ಟ ಕ್ರಮದ ಸಮೇತ, ಇಲ್ಲಿ ವಿಸ್ತಾರವಾಗಿ ಬರೆದಿದ್ದೇನೆ. ನಾನು ಸೆಬಿಯಲ್ಲಿ ನೋಂದಾಯಿತ ಸಲಹೆಗಾರನಲ್ಲ. ಫೋರ್ಟ್ ಭಾಗದ ದಲ್ಲಾಳಿ ಕಚೇರಿಯೊಂದರ ಲೆಕ್ಕದ ಮೇಜಿನಲ್ಲಿ ಬಹುಕಾಲ ಕುಳಿತು, ಈಗ ನನ್ನ ಸ್ವಂತ ಹಣದಲ್ಲಿ ಮಾತ್ರ ಈ ಕ್ರಮವನ್ನು ಅನುಸರಿಸುತ್ತಿರುವವನು.

ವಿಕ್ಸ್ ಏನನ್ನು ಅಳೆಯುತ್ತದೆ

ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿರುವ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ನಿಫ್ಟಿಯ ಆಪ್ಷನ್‌ಗಳಿಗೆ ಕೊಳ್ಳುವವರೂ ಮಾರುವವರೂ ಕೂಗುತ್ತಿರುವ ಬೆಲೆಗಳಿಂದ ಈ ಸೂಚ್ಯಂಕವನ್ನು ಲೆಕ್ಕಹಾಕುತ್ತದೆ. ಮುಂದಿನ ಮೂವತ್ತು ದಿನಗಳಲ್ಲಿ ನಿಫ್ಟಿ ಎಷ್ಟು ಅಲುಗಾಡಬಹುದೆಂದು ಪೇಟೆ ಎಣಿಸುತ್ತಿದೆ ಎಂಬುದನ್ನು ಅದು ವಾರ್ಷಿಕ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ವಾರ್ಷಿಕ ಅಂಕಿಯನ್ನು ತಿಂಗಳಿಗೆ ಇಳಿಸಬೇಕಾದರೆ ಹನ್ನೆರಡರ ವರ್ಗಮೂಲವಾದ 3.46ರಿಂದ ಭಾಗಿಸಬೇಕು. 22.79ನ್ನು ಹಾಗೆ ಭಾಗಿಸಿದರೆ ಸುಮಾರು 6.6 ಬರುತ್ತದೆ, ಅಂದರೆ ಒಂದು ತಿಂಗಳಲ್ಲಿ ಮೇಲಕ್ಕಾಗಲಿ ಕೆಳಕ್ಕಾಗಲಿ ಶೇಕಡಾ 6.6ರಷ್ಟು ಚಲನೆ ಸಹಜವೆಂದು ಆಪ್ಷನ್ ಬೆಲೆಗಳು ಅಂದು ಹೇಳುತ್ತಿದ್ದವು.

ಮೇಲಕ್ಕೋ ಕೆಳಕ್ಕೋ ಎಂಬುದನ್ನು ಅದು ಹೇಳುವುದಿಲ್ಲ. ಹಾಗಿದ್ದೂ ಅದನ್ನು ಕೊಳ್ಳುವ ಸೂಚನೆಯಾಗಿ ಬಳಸಬಹುದಾದದ್ದು ಏಕೆಂದರೆ, ವಿಕ್ಸ್ ಥಟ್ಟನೆ ಜಿಗಿಯುವುದು ಸಾಮಾನ್ಯವಾಗಿ ಒಂದೇ ಸನ್ನಿವೇಶದಲ್ಲಿ: ಷೇರು ಇಟ್ಟುಕೊಂಡವರೆಲ್ಲ ಒಟ್ಟಿಗೆ ರಕ್ಷಣೆಗಾಗಿ, ಪೇಟೆ ಬಿದ್ದರೆ ಲಾಭ ಕೊಡುವ ಪುಟ್ ಆಪ್ಷನ್ ಕೊಳ್ಳಲು ಓಡುತ್ತಾರೆ, ಅವನ್ನು ಮಾರಬೇಕಾದವರು ಹೆದರಿ ಹೆಚ್ಚು ಪ್ರೀಮಿಯಂ ಕೇಳುತ್ತಾರೆ. ಮಳೆ ಸುರಿಯಲು ಶುರುವಾದ ಮೇಲೆ ದಾದರ್ ನಿಲ್ದಾಣದ ಹೊರಗೆ ಛತ್ರಿಯ ಬೆಲೆ ಏರುವಂತೆ, ಇದು ಆತುರದ ಬೆಲೆ. ರಕ್ಷಣೆ ಕೊಂಡವರು ಅದನ್ನು ಬಿಡಿಸಿಕೊಳ್ಳತೊಡಗಿದಾಗ ವಿಕ್ಸ್ ಇಳಿಯುತ್ತದೆ, ಬಹಳ ಸಲ ಅದರೊಂದಿಗೆ ನಿಫ್ಟಿ ಚೇತರಿಸಿಕೊಳ್ಳುತ್ತದೆ. ಈ ಇಳಿಕೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ನಡೆದುಹೋಗುತ್ತದೆ ಎಂಬುದೇ ಇಡೀ ಕ್ರಮದ ಆಧಾರ. ಆದರೆ ಆತುರ ಇಂದು ಮುಗಿಯಿತೇ, ಇನ್ನೂ ಮೂರು ಪಟ್ಟು ಬೆಳೆಯಲಿದೆಯೇ ಎಂಬುದು ಜಿಗಿದ ದಿನ ಯಾರಿಗೂ ತಿಳಿದಿರುವುದಿಲ್ಲ. ಕಂತುಗಳು ಬೇಕಾಗುವುದು ಅದಕ್ಕಾಗಿ.

ಮೊದಲ ಹೆಜ್ಜೆ: ಜಿಗಿತವನ್ನು ಗುರುತಿಸುವುದು

"ವಿಕ್ಸ್ 20 ದಾಟಿದರೆ ಕೊಳ್ಳಿ" ಎಂಬ ಮಾತು ಲೋಕಲ್ ರೈಲಿನಲ್ಲಿ ಎಷ್ಟೋ ಸಲ ಕಿವಿಗೆ ಬಿದ್ದಿದೆ. ಆದರೆ ಒಂದೇ ಅಂಕಿಯನ್ನು ನಂಬುವುದು ಸರಿಯಲ್ಲ. ವಿಕ್ಸ್ ತಿಂಗಳುಗಟ್ಟಲೆ 12ರಲ್ಲಿರುವ ಕಾಲವೂ ಇದೆ, 20ರ ಮೇಲೆಯೇ ಮನೆ ಮಾಡಿಕೊಂಡಿರುವ ಕಾಲವೂ ಇದೆ. ಆದ್ದರಿಂದ ನಾನು ಮೂರು ಷರತ್ತುಗಳನ್ನು ಒಟ್ಟಿಗೆ ಕೇಳುತ್ತೇನೆ. ದಿನದ ಮುಕ್ತಾಯದಲ್ಲಿ ವಿಕ್ಸ್ 20 ಅಥವಾ ಅದಕ್ಕಿಂತ ಮೇಲಿರಬೇಕು; ಹಿಂದಿನ ಇಪ್ಪತ್ತು ವಹಿವಾಟಿನ ದಿನಗಳ ತನ್ನದೇ ಸರಾಸರಿಯ 1.4 ಪಟ್ಟಾದರೂ ಆಗಿರಬೇಕು. ಮತ್ತು ನಿಫ್ಟಿಯು ಅದೇ ಇಪ್ಪತ್ತು ದಿನಗಳ ಅತಿ ಎತ್ತರದ ಮುಕ್ತಾಯಕ್ಕಿಂತ ಕನಿಷ್ಠ ಶೇಕಡಾ 3ರಷ್ಟು ಕೆಳಗಿರಬೇಕು.

ಮೂರನೆಯ ಷರತ್ತು ಏಕೆ ಬೇಕೆಂಬುದಕ್ಕೆ 2024ರ ಮೇ ತಿಂಗಳು ಒಳ್ಳೆಯ ಪಾಠ. ಏಪ್ರಿಲ್ ಕೊನೆಯ ವಾರಗಳಲ್ಲಿ 10ರ ಸಮೀಪಕ್ಕೆ ಇಳಿದಿದ್ದ ವಿಕ್ಸ್ ಮೇ 13ರ ಹೊತ್ತಿಗೆ 20 ದಾಟಿತ್ತು. ಆದರೆ ನಿಫ್ಟಿ ಆ ದಿನ 22,104.05ರಲ್ಲಿತ್ತು, ಏಪ್ರಿಲ್ 10ರ 22,753.80ಕ್ಕಿಂತ ಕೇವಲ ಶೇಕಡಾ 2.9ರಷ್ಟು ಕೆಳಗೆ. ಅದು ಗಾಬರಿಯ ಜಿಗಿತವಲ್ಲ, ಚುನಾವಣಾ ಫಲಿತಾಂಶವೆಂಬ ಗೊತ್ತಿದ್ದ ತಾರೀಕಿಗಾಗಿ ಆಪ್ಷನ್ ಬೆಲೆಗಳು ಮೊದಲೇ ಉಬ್ಬಿಕೊಂಡದ್ದು. ಹಾಗೆ ಉಬ್ಬಿದ ವಿಕ್ಸ್ ಆ ತಾರೀಕು ಕಳೆಯುವವರೆಗೆ ಇಳಿಯುವುದಿಲ್ಲ. ಇಳಿದಾಗಲೂ ನಿಫ್ಟಿ ಏರಲೇಬೇಕೆಂದಿಲ್ಲ, ಏಕೆಂದರೆ ಅಲ್ಲಿ ಮೊದಲು ಬಿದ್ದದ್ದೇ ಏನೂ ಇರಲಿಲ್ಲ.

ಲೆಕ್ಕಕ್ಕೆ ಒಂದು ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ವಿನಿಮಯ ಕೇಂದ್ರದ ಜಾಲತಾಣದಿಂದ ವಿಕ್ಸ್ ಮತ್ತು ನಿಫ್ಟಿಯ ಹಳೆಯ ಅಂಕಿಗಳನ್ನು ಇಳಿಸಿಕೊಂಡು, ಮೊದಲ ಕಾಲಂನಲ್ಲಿ ತಾರೀಕು, ಎರಡನೆಯದರಲ್ಲಿ ವಿಕ್ಸ್ ಮುಕ್ತಾಯ, ಮೂರನೆಯದರಲ್ಲಿ ನಿಫ್ಟಿ ಮುಕ್ತಾಯ ತುಂಬಿ, ಇಪ್ಪತ್ತೆರಡನೆಯ ಸಾಲಿನಲ್ಲಿ ಇದನ್ನು ಬರೆದು ಕೆಳಗೆ ಎಳೆದರೆ ಆಯಿತು:

```
=IF(AND(B22>=20, B22>=1.4*AVERAGE(B2:B21), C22<=0.97*MAX(C2:C21)), "BUY1", "")
```

ಇಲ್ಲಿ ಗಮನಿಸಬೇಕಾದದ್ದು, ಸರಾಸರಿಯಲ್ಲಿ ಇಂದಿನ ದಿನ ಸೇರಿಲ್ಲ. ಸೇರಿಸಿದರೆ ಜಿಗಿತವು ಸರಾಸರಿಯನ್ನೂ ಮೇಲೆತ್ತಿ ಅನುಪಾತವನ್ನು ತಗ್ಗಿಸುತ್ತದೆ.

ಇನ್ನೊಂದು ಕಟ್ಟುನಿಟ್ಟು: ಮುಕ್ತಾಯದ ಅಂಕಿಯನ್ನು ಬಿಟ್ಟು ಬೇರೆ ಯಾವುದನ್ನೂ ನೋಡಬಾರದು. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆದಾಗ ಆಪ್ಷನ್‌ಗಳ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಬಹಳ ಅಗಲವಾಗಿರುತ್ತದೆ, ವಿಕ್ಸ್ ಆ ಬೆಲೆಗಳಿಂದಲೇ ಹುಟ್ಟುವುದರಿಂದ ಮೊದಲ ನಿಮಿಷಗಳಲ್ಲಿ ಅದು ಸುಳ್ಳಾಗಿ ಎತ್ತರಕ್ಕೆ ಹೋಗಿ, ಅಂತರ ಕಿರಿದಾಗುತ್ತಿದ್ದಂತೆ ಇಳಿಯುವುದುಂಟು. ಮಧ್ಯಾಹ್ನದ ಅಂಕಿಯನ್ನು ನೋಡಿ ಕೊಂಡವರು ಸಂಜೆ ಷರತ್ತೇ ಪೂರ್ಣವಾಗಿಲ್ಲವೆಂದು ಕಂಡುಕೊಳ್ಳುತ್ತಾರೆ.

ಎರಡನೆಯ ಹೆಜ್ಜೆ: ಯಾವುದನ್ನು ಕೊಳ್ಳುವುದು, ಎಷ್ಟು ಹಣದಲ್ಲಿ

ಸೂಚ್ಯಂಕದ ಮೇಲೆ ಏರಿಕೆಯ ಪಂದ್ಯವೆಂದೊಡನೆ ಹಲವರ ಕೈ ನಿಫ್ಟಿ ಫ್ಯೂಚರ್ಸ್ ಕಡೆಗೆ ಹೋಗುತ್ತದೆ. ಈ ಕ್ರಮಕ್ಕೆ ಅದು ಹೊಂದುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಒಂದು ಲಾಟ್, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಪ್ರಮಾಣ, 75 ಯೂನಿಟ್. 22,500ರ ನಿಫ್ಟಿಗೆ ಸುಮಾರು 17 ಲಕ್ಷ ರೂಪಾಯಿಯ ಹೊಣೆ. ಅದನ್ನು ಮೂರು ಕಂತಿಗೆ ಒಡೆಯಬೇಕಾದರೆ ಕನಿಷ್ಠ ಮೂರು ಲಾಟ್ ಬೇಕು, ಅಂದರೆ ಅರ್ಧ ಕೋಟಿಯ ಹೊಣೆ. ಜೊತೆಗೆ ಪೇಟೆ ನಡುಗುವಾಗಲೇ ದಲ್ಲಾಳಿಯಲ್ಲಿ ಇಡಬೇಕಾದ ಮಾರ್ಜಿನ್ ಹಣದ ಬೇಡಿಕೆಯೂ ಏರುವುದರಿಂದ, ಕಾಯಬೇಕಾದ ದಿನವೇ ದಲ್ಲಾಳಿ ನಮ್ಮ ಸ್ಥಾನವನ್ನು ಕತ್ತರಿಸುವ ಸಾಧ್ಯತೆ ಇರುತ್ತದೆ. ಇನ್ನು ಪೇಟೆ ಏರಿದರೆ ಲಾಭ ಕೊಡುವ ಕಾಲ್ ಆಪ್ಷನ್ ಕೊಳ್ಳುವುದಂತೂ ಉಬ್ಬಿದ ಪ್ರೀಮಿಯಂ ತೆತ್ತು ಅದು ಇಳಿಯಲೆಂದು ಹಾರೈಸಿದಂತೆ: ನಿಫ್ಟಿ ಏರಿದರೂ ವಿಕ್ಸ್ ಇಳಿದ ಹೊಡೆತಕ್ಕೆ ಆಪ್ಷನ್‌ನ ಬೆಲೆ ನಿಂತಲ್ಲೇ ನಿಲ್ಲಬಹುದು.

ಆದ್ದರಿಂದ ನಿಫ್ಟಿ ಇಟಿಎಫ್, ಅಂದರೆ ನಿಫ್ಟಿಯ ಷೇರುಗಳನ್ನೇ ಹಿಡಿದಿಟ್ಟು, ಪೇಟೆಯಲ್ಲಿ ಷೇರಿನಂತೆಯೇ ಕೊಳ್ಳಬಹುದಾದ ಫಂಡ್. NIFTYBEES ಹೆಸರಿನಲ್ಲಿ ಸಿಗುವಂಥ, ದಿನವೂ ಹೇರಳ ವಹಿವಾಟಿರುವ ಯೂನಿಟ್ ಸಾಕು. ಸಾಲವಿಲ್ಲ, ಮಾರ್ಜಿನ್ ಕರೆ ಇಲ್ಲ, ಒಂದೊಂದು ಯೂನಿಟ್‌ನ ಲೆಕ್ಕದಲ್ಲಿ ಒಡೆಯಬಹುದು. ಗಾಬರಿಯ ದಿನ ಮಾತ್ರ ಒಂದು ಎಚ್ಚರ ಬೇಕು: ಎಲ್ಲರೂ ಇಟಿಎಫ್ ಕೊಳ್ಳಲು ಮುಗಿಬಿದ್ದಾಗ ಅದರ ಬೆಲೆ ಒಳಗಿನ ಷೇರುಗಳ ಮೌಲ್ಯಕ್ಕಿಂತ ಮೇಲೆ ಹೋಗುವುದುಂಟು. ಆ ಮೌಲ್ಯವನ್ನು iNAV ಎಂಬ ಹೆಸರಿನಲ್ಲಿ ಫಂಡ್ ಸಂಸ್ಥೆಯ ಜಾಲತಾಣ ದಿನವಿಡೀ ತೋರಿಸುತ್ತಿರುತ್ತದೆ. ಬೆಲೆ ಅದಕ್ಕಿಂತ ಶೇಕಡಾ ಅರ್ಧದಷ್ಟಾದರೂ ಹೆಚ್ಚಿದ್ದರೆ ನಾನು ಅಂದು ಕೊಳ್ಳದೆ ಮರುದಿನಕ್ಕೆ ಬಿಡುತ್ತೇನೆ, ಮತ್ತು ಎಂದೂ ಲಿಮಿಟ್ ಆರ್ಡರ್ ಬಿಟ್ಟು ಬೇರೆ ರೀತಿಯಲ್ಲಿ ಕೊಳ್ಳುವುದಿಲ್ಲ.

ಹಣದ ಪ್ರಮಾಣವನ್ನು ನಿರ್ಧರಿಸುವ ಪ್ರಶ್ನೆ ಒಂದೇ: ಮೂರೂ ಕಂತು ತುಂಬಿದ ಮೇಲೆ ನಿಫ್ಟಿ ಶೇಕಡಾ 25ರಷ್ಟು ಬಿದ್ದರೆ, ಆ ನಷ್ಟವನ್ನು ಬರೆದುಹಾಕಿ ಮನೆಯ ಖರ್ಚು ಎಂದಿನಂತೆ ನಡೆಯುತ್ತದೆಯೇ? ಈ ಕ್ರಮದಲ್ಲಿ ಸ್ಟಾಪ್ ಲಾಸ್ ಇಲ್ಲ. ವಿಕ್ಸ್ 23ರಲ್ಲಿರುವಾಗ ದಿನಕ್ಕೆ ಶೇಕಡಾ ಒಂದೂವರೆಯ ಚಲನೆ ಮಾಮೂಲು. ಶೇಕಡಾ ಎರಡು ಮೂರರ ಸ್ಟಾಪ್ ಇಟ್ಟರೆ ಅದು ಎರಡೇ ದಿನದಲ್ಲಿ ತಗುಲಿ, ಆಮೇಲೆ ಪೇಟೆ ನಮ್ಮನ್ನು ಬಿಟ್ಟು ಏರುತ್ತದೆ. ಹಣದ ಮಿತಿಯೇ ಇಲ್ಲಿ ಸ್ಟಾಪ್. ಮುಂದಿನ ಉದಾಹರಣೆಗಳಿಗೆ 3 ಲಕ್ಷ ರೂಪಾಯಿ ಇಟ್ಟುಕೊಳ್ಳುತ್ತೇನೆ.

ಮೂರನೆಯ ಹೆಜ್ಜೆ: ಕಂತುಗಳು

ಮೊದಲ ಕಂತು ಶೇಕಡಾ 30. ಮೂರು ಷರತ್ತೂ ಪೂರ್ಣವಾದ ಮರುದಿನ, ಮಧ್ಯಾಹ್ನ 3ರ ನಂತರದ ಕೊನೆಯ ಅರ್ಧ ಗಂಟೆಯಲ್ಲಿ ಎರಡು ಮೂರು ಸಲಕ್ಕೆ ಒಡೆದು ಕೊಳ್ಳಬೇಕು. ಮುಕ್ತಾಯದ ಬೆಲೆ ಆ ಅರ್ಧ ಗಂಟೆಯ ಸರಾಸರಿಯಿಂದಲೇ ಬರುವುದರಿಂದ, ಹೀಗೆ ಕೊಂಡರೆ ನಮ್ಮ ಖರೀದಿ ಕಾಗದದ ಮೇಲಿನ ಲೆಕ್ಕಕ್ಕೆ ಹತ್ತಿರವಿರುತ್ತದೆ.

ಎರಡನೆಯ ಕಂತು ಶೇಕಡಾ 40, ಮತ್ತು ಇದೇ ಈ ಕ್ರಮದ ಹೃದಯ. ಸಾಮಾನ್ಯವಾಗಿ ಜನ ಕಂತನ್ನು ಬೆಲೆಯ ಇಳಿಕೆಗೆ ಕಟ್ಟುತ್ತಾರೆ: ಶೇಕಡಾ 3 ಬಿದ್ದರೆ ಇಷ್ಟು, ಇನ್ನೂ 3 ಬಿದ್ದರೆ ಮತ್ತಷ್ಟು. ನಾನೂ ಒಂದು ಕಾಲದಲ್ಲಿ ಹಾಗೆಯೇ ಮಾಡುತ್ತಿದ್ದೆ. ಅದರ ದೋಷವೆಂದರೆ, ಪೇಟೆ ನಿಜವಾಗಿ ಕುಸಿಯುವಾಗಲೇ ನಮ್ಮ ಹಣ ಪೂರ್ತಿ ಒಳಗೆ ಹೋಗುತ್ತದೆ. ಸಣ್ಣ ಗಾಬರಿಗಳಲ್ಲಿ ಒಂದೇ ಕಂತು ತುಂಬಿ ಲಾಭ ಸಣ್ಣದಾಗುತ್ತದೆ. ಅಂದರೆ ತಪ್ಪಿದಾಗ ದೊಡ್ಡದಾಗಿ, ಸರಿಯಾದಾಗ ಚಿಕ್ಕದಾಗಿ ಹೂಡಿದಂತಾಗುತ್ತದೆ. ಆದ್ದರಿಂದ ಎರಡನೆಯ ಕಂತನ್ನು ನಾನು ಭಯದ ಇಳಿಕೆಗೆ ಕಟ್ಟುತ್ತೇನೆ: ಸೂಚನೆ ಬಂದಂದಿನಿಂದ ಈವರೆಗಿನ ವಿಕ್ಸ್‌ನ ಅತಿ ಎತ್ತರದ ಮುಕ್ತಾಯಕ್ಕಿಂತ ಶೇಕಡಾ 20ರಷ್ಟು ಕೆಳಗೆ ವಿಕ್ಸ್ ಮುಗಿದರೆ, ಮರುದಿನ ಎರಡನೆಯ ಕಂತು. ವಿಕ್ಸ್ ಹೊಸ ಎತ್ತರಕ್ಕೆ ಹೋದರೆ ಈ ಶೇಕಡಾ 20ರ ಗೆರೆಯೂ ಅದರೊಂದಿಗೆ ಮೇಲೆ ಹೋಗುತ್ತದೆ. ಮೊದಲ ಕಂತಿನಿಂದ ಹತ್ತು ವಹಿವಾಟಿನ ದಿನಗಳೊಳಗೆ ಇದು ನಡೆಯದಿದ್ದರೆ, ಉಳಿದ ಶೇಕಡಾ 70 ಬ್ಯಾಂಕಿನಲ್ಲೇ ಉಳಿಯುತ್ತದೆ.

ಮೂರನೆಯ ಕಂತು ಉಳಿದ ಶೇಕಡಾ 30. ಎರಡನೆಯದಾದ ಐದನೇ ವಹಿವಾಟಿನ ದಿನ, ಹಿಂದಿನ ಸಂಜೆಯ ವಿಕ್ಸ್ ಇನ್ನೂ ಅದೇ ಶೇಕಡಾ 20ರ ಗೆರೆಯ ಕೆಳಗೇ ಇದ್ದರೆ ಮಾತ್ರ.

ನಾಲ್ಕನೆಯ ಹೆಜ್ಜೆ: ಹೊರಬರುವ ದಿನ

ಮೊದಲ ಕಂತಿನ ದಿನವನ್ನು ಸೊನ್ನೆಯೆಂದು ಎಣಿಸಿ, ಇಪ್ಪತ್ತನೇ ವಹಿವಾಟಿನ ದಿನದ ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲ ಕಂತುಗಳನ್ನೂ ಮಾರಬೇಕು. ಲಾಭವಿರಲಿ, ನಷ್ಟವಿರಲಿ. ಎರಡನೆಯ, ಮೂರನೆಯ ಕಂತಿಗೆ ಪ್ರತ್ಯೇಕ ಎಣಿಕೆ ಇಲ್ಲ.

ಇಪ್ಪತ್ತರಲ್ಲಿ ಯಾವ ಮಂತ್ರವೂ ಇಲ್ಲ, ಹದಿನೆಂಟೋ ಇಪ್ಪತ್ತೈದೋ ಆಗಬಹುದಿತ್ತು. ಆದರೆ ವಿಕ್ಸ್ ಮುಂದೆ ನೋಡುವುದೇ ಮೂವತ್ತು ಪಂಚಾಂಗದ ದಿನಗಳನ್ನು, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ವಹಿವಾಟಿನ ದಿನಗಳನ್ನು. ನಾವು ಕೊಂಡದ್ದು ಆ ಅವಧಿಯ ಆತುರವನ್ನು. ಅವಧಿ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಸಾಮಾನ್ಯ ಷೇರು ಹೂಡಿಕೆ, ಅದಕ್ಕೆ ಬೇರೆ ಕಾರಣಗಳು ಬೇಕು. ನಷ್ಟದಲ್ಲಿರುವಾಗ "ಇರಲಿ ಬಿಡು, ದೀರ್ಘಾವಧಿ ಹೂಡಿಕೆ ಅಂದುಕೊಳ್ಳೋಣ" ಎಂದು ಹೆಸರು ಬದಲಿಸುವುದು ನಮ್ಮೆಲ್ಲರ ಚಟ. ತಾರೀಕನ್ನು ಕೊಂಡ ದಿನವೇ ಬರೆದಿಟ್ಟರೆ ಹೆಸರು ಬದಲಿಸಲು ಜಾಗವಿರುವುದಿಲ್ಲ.

ಎಣಿಸುವಾಗ ವಿನಿಮಯ ಕೇಂದ್ರದ ರಜಾಪಟ್ಟಿಯನ್ನು ಎದುರಿಗಿಟ್ಟುಕೊಳ್ಳಬೇಕು. 2025ರ ಏಪ್ರಿಲ್‌ನಲ್ಲಿ ಮಹಾವೀರ ಜಯಂತಿಯ 10ರಂದು, ಅಂಬೇಡ್ಕರ್ ಜಯಂತಿಯ 14ರಂದು, ಗುಡ್ ಫ್ರೈಡೇಯ 18ರಂದು, ಆಮೇಲೆ ಮಹಾರಾಷ್ಟ್ರ ದಿನವಾದ ಮೇ 1ರಂದು ಪೇಟೆ ಮುಚ್ಚಿತ್ತು. ಧಾರವಾಡದಲ್ಲಿರುವ ನನ್ನ ತಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ನಾಲ್ಕು ವಾರವೆಂದು ಎಣಿಸಿ, ನಾಲ್ಕು ವಹಿವಾಟಿನ ದಿನ ಮೊದಲೇ ಮಾರಿಬಿಟ್ಟ.

ಏಪ್ರಿಲ್ 2025, ದಿನದಿನದ ಲೆಕ್ಕ

ಇಟಿಎಫ್‌ನ ಬೆಲೆ ನಿಫ್ಟಿಯನ್ನೇ ಹಿಂಬಾಲಿಸುತ್ತದೆ ಎಂದುಕೊಂಡು ನಿಫ್ಟಿಯ ಮುಕ್ತಾಯಗಳಲ್ಲೇ ಲೆಕ್ಕ ಹೇಳುತ್ತೇನೆ. ಏಪ್ರಿಲ್ 7ರ ಸಂಜೆ ವಿಕ್ಸ್ 22.79, ಹಿಂದಿನ ಇಪ್ಪತ್ತು ದಿನಗಳ ಸರಾಸರಿ 13ರ ಆಸುಪಾಸು, ಅನುಪಾತ 1.7ರ ಸಮೀಪ. ಮಾರ್ಚ್ 25ರ 23,668.65ಕ್ಕಿಂತ ನಿಫ್ಟಿ ಶೇಕಡಾ 6ಕ್ಕೂ ಹೆಚ್ಚು ಕೆಳಗೆ. ಮೂರೂ ಷರತ್ತು ಪೂರ್ಣ. ಏಪ್ರಿಲ್ 8ರಂದು 90,000 ರೂಪಾಯಿಯ ಮೊದಲ ಕಂತು, ನಿಫ್ಟಿ 22,535.85. ಶೆಟ್ಟರು ಬೆಳಿಗ್ಗೆಯೇ ಎಲ್ಲ ಹಾಕಬೇಕೆಂದಿದ್ದ ದಿನ ಇದೇ.

22.79ಕ್ಕಿಂತ ಶೇಕಡಾ 20 ಕೆಳಗೆಂದರೆ 18.23. ಏಪ್ರಿಲ್ 8, 9, 11ರಂದು ವಿಕ್ಸ್ 20ರ ಮೇಲೆಯೇ ಮುಗಿಯಿತು. ಏಪ್ರಿಲ್ 15ರಂದು 16.13ಕ್ಕೆ ಇಳಿಯಿತು. ಹಾಗಾಗಿ 16ರಂದು 1,20,000ದ ಎರಡನೆಯ ಕಂತು, 23,437.20ರಲ್ಲಿ. ಐದನೇ ದಿನ ಏಪ್ರಿಲ್ 24. ಹಿಂದಿನ ಸಂಜೆ ವಿಕ್ಸ್ 16ರ ಆಸುಪಾಸಿನಲ್ಲಿ ಇದ್ದುದರಿಂದ 90,000ದ ಮೂರನೆಯ ಕಂತು, 24,246.70ರಲ್ಲಿ. ಪಹಲ್ಗಾಮ್ ದಾಳಿಯ ನಂತರದ ಉದ್ವೇಗ ಹೆಚ್ಚುತ್ತಿದ್ದ ವಾರವದು. ಮರುದಿನವೇ ನಿಫ್ಟಿ 24,039.35ಕ್ಕೆ ಬಂದು ಮೂರನೆಯ ಕಂತು ನಷ್ಟಕ್ಕಿಳಿಯಿತು. ಕ್ರಮದಲ್ಲಿ ಅದಕ್ಕೇನೂ ಉತ್ತರವಿಲ್ಲ, ಕಾಯಬೇಕಷ್ಟೇ.

ಇಪ್ಪತ್ತನೇ ದಿನ ಮೇ 12. ವಾರಾಂತ್ಯದಲ್ಲಿ ಕದನ ವಿರಾಮವಾಗಿ, ನಿಫ್ಟಿ ಅಂದು 24,924.70ಕ್ಕೆ ಹಾರಿತು. ಮೊದಲ ಕಂತಿಗೆ 9,540, ಎರಡನೆಯದಕ್ಕೆ 7,616, ಮೂರನೆಯದಕ್ಕೆ 2,517. ಒಟ್ಟು 19,673 ರೂಪಾಯಿ, ಅಂದರೆ 3 ಲಕ್ಷಕ್ಕೆ ಶೇಕಡಾ 6.6. ಇದರಲ್ಲಿ ಒಂದು ವರ್ಷದೊಳಗಿನ ಲಾಭಕ್ಕೆ ಶೇಕಡಾ 20ರ ತೆರಿಗೆ, ಅದರ ಮೇಲೆ ಸೆಸ್ ಹೋಗುತ್ತದೆ.

ಈ ಅಂಕಿಯನ್ನು ಹಿಗ್ಗಿ ನೋಡುವ ಮೊದಲು ಎರಡು ಹೋಲಿಕೆ ಮಾಡಬೇಕು. ಎಲ್ಲ ಹಣವನ್ನೂ ಏಪ್ರಿಲ್ 8ರಂದೇ ಹಾಕಿದ್ದರೆ ಶೇಕಡಾ 10.6 ಸಿಗುತ್ತಿತ್ತು, ಶೆಟ್ಟರು ಇದನ್ನು ನನಗೆ ಈಗಲೂ ನೆನಪಿಸುತ್ತಿರುತ್ತಾರೆ. ಕಂತು ಮಾಡಿದ್ದರ ಬೆಲೆ ಆ ಶೇಕಡಾ 4. ಎರಡನೆಯದು ಹೆಚ್ಚು ಮುಖ್ಯ: ಎಣಿಕೆ ಒಂದು ದಿನ ಹಿಂದಿದ್ದು ಮೇ 9ರಂದು 24,008ಕ್ಕೆ ಮಾರಿದ್ದರೆ ಒಟ್ಟು ಲಾಭ 7,916 ಮಾತ್ರ, ಶೇಕಡಾ 2.6. ಅಂದರೆ ಅರ್ಧಕ್ಕಿಂತ ಹೆಚ್ಚು ಲಾಭ ತಾರೀಕಿನ ಅದೃಷ್ಟ. ನಿಗದಿತ ದಿನದ ನಿರ್ಗಮನಕ್ಕೆ ಇರುವ ನಿಜವಾದ ದೌರ್ಬಲ್ಯ ಇದೇ. ಅದಕ್ಕಾಗಿ ಈಚೆಗೆ ನಾನು ಮಾರಾಟವನ್ನೂ ಒಡೆಯುತ್ತಿದ್ದೇನೆ: ಮೂರನೇ ಒಂದು ಭಾಗ ಹದಿನೆಂಟನೇ ದಿನ, ಇನ್ನೊಂದು ಇಪ್ಪತ್ತನೇ ದಿನ, ಕೊನೆಯದು ಇಪ್ಪತ್ತೆರಡನೇ ದಿನ. ದಿನಗಳು ಮೊದಲೇ ಬರೆದಿಟ್ಟವೇ ಆಗಿರುವುದರಿಂದ ನಿಯಮ ಸಡಿಲವಾಗುವುದಿಲ್ಲ, ಒಂದೇ ದಿನದ ಸುದ್ದಿಗೆ ಇಡೀ ಫಲ ನೇತುಬೀಳುವುದು ತಪ್ಪುತ್ತದೆ.

ಇದೇ ಕ್ರಮ ಮಾರ್ಚ್ 2020ರಲ್ಲಿ

2020ರ ಫೆಬ್ರವರಿ 28ರಂದು ವಿಕ್ಸ್ 23 ದಾಟಿ ಮುಗಿಯಿತು, ನಿಫ್ಟಿ 11,201.75. ಫೆಬ್ರವರಿ 12ರ 12,201.20ಕ್ಕಿಂತ ಶೇಕಡಾ 8ರಷ್ಟು ಕೆಳಗೆ. ಸೂಚನೆ ಸ್ಪಷ್ಟ. ಮಾರ್ಚ್ 2ರಂದು 11,132.75ರಲ್ಲಿ ಮೊದಲ ಕಂತು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು: ಮಾರ್ಚ್ 12ರಂದು 9,590.15, ಮಾರ್ಚ್ 23ರಂದು ಒಂದೇ ದಿನ ಶೇಕಡಾ 13ರಷ್ಟು ಕುಸಿದು 7,610.25. ಇಷ್ಟೂ ದಿನ ವಿಕ್ಸ್ ಹತ್ತುತ್ತಲೇ ಹೋಗಿ, ಮಾರ್ಚ್ 24ರಂದು 80ನ್ನೂ ದಾಟಿತು. ಮೊದಲ ಹತ್ತು ದಿನಗಳಲ್ಲಿ ಅದು ತನ್ನ ಎತ್ತರದಿಂದ ಶೇಕಡಾ 20ರಷ್ಟು ಇಳಿಯಲೇ ಇಲ್ಲ. ಹಾಗಾಗಿ ಎರಡನೆಯ ಕಂತಿಗೆ ಅವಕಾಶವೇ ಬರಲಿಲ್ಲ, 2,10,000 ರೂಪಾಯಿ ಬ್ಯಾಂಕಿನಲ್ಲೇ ಉಳಿಯಬೇಕಿತ್ತು. ಇಪ್ಪತ್ತನೇ ದಿನವಾದ ಮಾರ್ಚ್ 31ರಂದು ನಿಫ್ಟಿ 8,597.75. ಮೊದಲ ಕಂತಿನ ನಷ್ಟ ಶೇಕಡಾ 22.8, ರೂಪಾಯಿಯಲ್ಲಿ 20,494. ಒಟ್ಟು 3 ಲಕ್ಷಕ್ಕೆ ಶೇಕಡಾ 6.8. ಎಲ್ಲ ಹಣವನ್ನೂ ಮೊದಲ ದಿನವೇ ಹಾಕಿದವನ ನಷ್ಟ 68,000ಕ್ಕೂ ಹೆಚ್ಚು.

ಈ ಕ್ರಮವನ್ನು ಮೊದಲೇ ಬರೆದಿಟ್ಟುಕೊಂಡಿದ್ದವನ ಲೆಕ್ಕವೆಂದು ಇದನ್ನು ಹೇಳುತ್ತಿದ್ದೇನೆಯೇ ಹೊರತು ನನ್ನ ಲೆಕ್ಕವೆಂದಲ್ಲ. ಆ ಮಾರ್ಚ್‌ನಲ್ಲಿ ನಾನು ಬೆಲೆಯ ಇಳಿಕೆಗೆ ಕಂತು ಕಟ್ಟುತ್ತಿದ್ದೆ. 13ನೇ ತಾರೀಕಿನ ಹೊತ್ತಿಗೆ ಮೂರೂ ಕಂತು ಒಳಗಿದ್ದವು, 23ರ ಸಂಜೆ ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಬಾಲ್ಕನಿಯಲ್ಲಿ ಕುಳಿತಿದ್ದೆ. ಭಯದ ಇಳಿಕೆಗೆ ಕಾಯುವ ಎರಡನೆಯ ಕಂತು ಹುಟ್ಟಿದ್ದು ಆಮೇಲೆ.

ಏಪ್ರಿಲ್ 2025 ಮತ್ತು ಮಾರ್ಚ್ 2020ನ್ನು ಅಕ್ಕಪಕ್ಕ ಇಟ್ಟರೆ ಕಂತಿನ ವ್ಯಾಪಾರ ಸ್ಪಷ್ಟವಾಗುತ್ತದೆ: ಬೇಗ ಚೇತರಿಸಿಕೊಂಡ ಪೇಟೆಯಲ್ಲಿ ಶೇಕಡಾ 4 ಬಿಟ್ಟುಕೊಟ್ಟೆವು, ಕುಸಿದ ಪೇಟೆಯಲ್ಲಿ ಶೇಕಡಾ 16 ಉಳಿಸಿಕೊಂಡೆವು. ಆದರೆ ಮಾರ್ಚ್ 31ರಂದು ನಷ್ಟದಲ್ಲಿ ಮಾರಿದವನ ಮುಂದೆಯೇ ನಿಫ್ಟಿ ಏಪ್ರಿಲ್ 30ಕ್ಕೆ 9,859.90 ಮುಟ್ಟಿತು. ವಿಕ್ಸ್‌ನ ಇಪ್ಪತ್ತು ದಿನದ ಸರಾಸರಿಯೇ ಆಗ ಅಷ್ಟು ಮೇಲಿದ್ದುದರಿಂದ 1.4 ಪಟ್ಟಿನ ಹೊಸ ಸೂಚನೆ ಬರುವ ಮಾತೇ ಇರಲಿಲ್ಲ.

ಸೂಚನೆ ಬಾರದ ಕುಸಿತಗಳು

ಜಿಗಿತವಿಲ್ಲದೆ ಬೀಳುವ ಪೇಟೆಯ ಬಗ್ಗೆ ಈ ಕ್ರಮ ಮೂಕ. 2024ರ ಸೆಪ್ಟೆಂಬರ್ 26ರಂದು 26,216.05ರಲ್ಲಿದ್ದ ನಿಫ್ಟಿ 2025ರ ಮಾರ್ಚ್ 4ಕ್ಕೆ 22,082.65ಕ್ಕೆ ಇಳಿಯಿತು, ಸುಮಾರು ಶೇಕಡಾ 16. ಆ ಐದು ತಿಂಗಳಲ್ಲಿ ವಿಕ್ಸ್ ಒಮ್ಮೆಯೂ 20ರ ಮೇಲೆ ಮುಗಿಯಲಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಸವೆದಾಗ ಯಾರೂ ಓಡಿಹೋಗಿ ಪುಟ್ ಕೊಳ್ಳುವುದಿಲ್ಲ. ಅಂಥ ಕಾಲದಲ್ಲಿ "ಇಷ್ಟು ಬಿದ್ದಿದೆಯಲ್ಲ" ಎಂದು 20ರ ಷರತ್ತನ್ನು 16ಕ್ಕೆ ಇಳಿಸುವ ಆಸೆಯಾಗುತ್ತದೆ. ಹಾಗೆ ಇಳಿಸಿದವರಿಗೆ ಸೂಚನೆ ಸಿಗುತ್ತದೆ, ಅದರ ಹಿಂದಿನ ಕಾರಣ ಸಿಗುವುದಿಲ್ಲ.

ಇನ್ನೊಂದು ಬಗೆ, ಮೊದಲೇ ಉಬ್ಬಿದ ವಿಕ್ಸ್. 2024ರ ಜೂನ್ 4, ಮತ ಎಣಿಕೆಯ ದಿನ, ನಿಫ್ಟಿ 1,379.40 ಅಂಶ ಬಿದ್ದು 21,884.50ಕ್ಕೆ ಮುಗಿಯಿತು, ವಿಕ್ಸ್ 26ರ ಮೇಲಿತ್ತು. ಆದರೆ ಹಿಂದಿನ ಇಪ್ಪತ್ತು ದಿನಗಳ ಸರಾಸರಿಯೇ 21ರ ಆಸುಪಾಸಿನಲ್ಲಿ ಇದ್ದುದರಿಂದ ಅನುಪಾತ 1.3ನ್ನೂ ಮುಟ್ಟಲಿಲ್ಲ, ಸೂಚನೆ ಬರಲಿಲ್ಲ. ಮೂರೇ ದಿನದಲ್ಲಿ, ಜೂನ್ 7ರಂದು ನಿಫ್ಟಿ 23,290.15ಕ್ಕೆ ಮರಳಿತು. ಅದು ಈ ಕ್ರಮ ಕೈಬಿಟ್ಟ ಒಳ್ಳೆಯ ಅವಕಾಶವೆಂದು ಒಪ್ಪುತ್ತೇನೆ. ಆದರೆ ಅದನ್ನು ಹಿಡಿಯಲೆಂದು ಅನುಪಾತವನ್ನು 1.25ಕ್ಕೆ ತಂದರೆ, ಸಾಧಾರಣ ಏರಿಳಿತವೂ ಸೂಚನೆಯಾಗಿ ಕಾಣತೊಡಗುತ್ತದೆ. ಮೂರೋ ನಾಲ್ಕೋ ಘಟನೆಗಳಿಗೆ ಒಪ್ಪುವಂತೆ ಅಂಕಿಗಳನ್ನು ತಿದ್ದುತ್ತ ಹೋದರೆ ಕಳೆದುಹೋದ ಪೇಟೆಗೆ ಹೊಲಿದ ಅಂಗಿ ಸಿದ್ಧವಾಗುತ್ತದೆ.

ದಾಖಲೆಯ ಹಾಳೆ

ಮೊದಲ ಕಂತಿನ ದಿನವೇ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಕಪಾಟಿನ ಬಾಗಿಲಿಗೆ ಅಂಟಿಸುತ್ತೇನೆ: ಸೂಚನೆಯ ದಿನದ ವಿಕ್ಸ್, ಅದಕ್ಕಿಂತ ಶೇಕಡಾ 20 ಕೆಳಗಿನ ಗೆರೆ, ಎರಡನೆಯ ಕಂತಿಗೆ ಹತ್ತನೇ ದಿನದ ಗಡುವು, ಮಾರಾಟದ ಮೂರು ತಾರೀಕುಗಳು. ವಿಕ್ಸ್ ಹೊಸ ಎತ್ತರದಲ್ಲಿ ಮುಗಿದ ಸಂಜೆ ಆ ಗೆರೆಯನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತೇನೆ. ಬೇರೆ ಯಾವುದನ್ನೂ ತಿದ್ದುವಂತಿಲ್ಲ. ಹಿಡಿದಿರುವಾಗ ಮತ್ತೊಮ್ಮೆ ಸೂಚನೆ ಬಂದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮಾರಿ ಮುಗಿಸಿ, ವಿಕ್ಸ್ ಒಮ್ಮೆಯಾದರೂ ತನ್ನ ಇಪ್ಪತ್ತು ದಿನದ ಸರಾಸರಿಯ ಕೆಳಗೆ ಮುಗಿದ ಮೇಲಷ್ಟೇ ಹೊಸ ಹಾಳೆ. ಶೆಟ್ಟರ ಹಾಳೆ ಅವರ ಗಲ್ಲಾಪೆಟ್ಟಿಗೆಯ ಒಳಮುಚ್ಚಳದಲ್ಲಿದೆ; ಮೇ 12ರ ಎದುರು ಪೆನ್ಸಿಲ್‌ನಲ್ಲಿ "ಇನ್ನೂ ನಾಲ್ಕು ದಿನ ಇಡಬೇಕಿತ್ತು" ಎಂದು ಬರೆದುಕೊಂಡಿದ್ದಾರೆ. ಮರುದಿನ, ಮೇ 13ರಂದು, ನಿಫ್ಟಿ 24,578.35ಕ್ಕೆ ಇಳಿದಿತ್ತು, ಮೇ 15ರಂದು 25,062.10ಕ್ಕೆ ಏರಿತ್ತು. ಎರಡನ್ನೂ ನಾನು ಅದೇ ಸಾಲಿನ ಕೆಳಗೆ ಶಾಯಿಯಲ್ಲಿ ಬರೆದು ಬಂದೆ.